ಅಪ್‌ಡೇಟ್: ತಂಗಿ–ಭಾವನ ಜೋಡಿ ಚಿತ್ರ ಬಂತು

ನಾನು ಕೇಳಿದ್ದು: "ತಂಗಿಯ ಮದುವೆ ಫೋಟೊ ನೋಡಿ ಕಾರ್ಟೂನ್ ಶೈಲಿಯ ಜೋಡಿ ಚಿತ್ರ ಬರೆಸಬೇಕು. ಕಲಾವಿದೆಗೆ ಏನಂತ ಮೆಸೇಜ್ ಹಾಕಲಿ?"

ಕೊನೆಗೆ ಹೀಗೆ ಬರೆದೆ:

"ನಮಸ್ಕಾರ ಮೇಡಂ. ಧಾರೆಯ ಫೋಟೊದ ನಿಲುವು ಬೇಕು. ಆದರೆ ಅದರಲ್ಲಿ ಬಾಸಿಂಗ ಇಬ್ಬರ ಹಣೆಯನ್ನೂ ಮುಚ್ಚಿದೆ. ಮುಖಕ್ಕೆ ಆರತಕ್ಷತೆಯ ಈ ಎರಡು ಫೋಟೊ ನೋಡಿ. ಕಣ್ಣು ದೊಡ್ಡದಾದರೂ ಪರವಾಗಿಲ್ಲ, ತಂಗಿಯ ಗಲ್ಲದ ಮಚ್ಚೆ ಮಾತ್ರ ಬಿಡಬೇಡಿ. ಎ3 ಅಳತೆಯಲ್ಲಿ ಪ್ರಿಂಟ್ ಹಾಕಿಸಿ ಫ್ರೇಮ್ ಮಾಡಿಸುತ್ತೇನೆ."

ಫೋಟೊಗಳನ್ನು ವಾಟ್ಸ್ಆ್ಯಪ್‌ನಲ್ಲಿ ಸುಮ್ನೆ ಕಳಿಸಿದ್ದು ತಪ್ಪಾಯ್ತು. ಹಿಗ್ಗಿಸಿ ನೋಡಿದರೆ ಸೀರೆಯ ಜರಿ ಅಂಚು ಬರೀ ಹಳದಿ ಪಟ್ಟಿ. ಡಾಕ್ಯುಮೆಂಟ್ ಆಗಿ ಮತ್ತೆ ಕಳಿಸಿದ ಮೇಲೆ ಅಂಚಿನ ಬುಗುಡಿ ಸಾಲು ಕಾಣಿಸಿತು.

ಅವರು ಮೊದಲು ಪೆನ್ಸಿಲ್ ಗೆರೆಯ ಕರಡು ಕಳಿಸಿದರು. ಭಾವ ತಂಗಿಗಿಂತ ಒಂದು ತಲೆ ಎತ್ತರ ಕಾಣುತ್ತಿದ್ದರು. ನಿಜಕ್ಕೂ ಅಂತರ ಎರಡೇ ಇಂಚು. ಧಾರೆಯಲ್ಲಿ ತಂಗಿ ತಲೆ ಬಗ್ಗಿಸಿದ್ದಳು, ಅದಕ್ಕೇ ಹಾಗಾಗಿದೆ. ಇಬ್ಬರೂ ನೇರ ನಿಂತ ಫೋಟೊ ಕಳಿಸಿದೆ, ಅದೇ ದಿನ ಸರಿಪಡಿಸಿದರು. ಬಣ್ಣ ತುಂಬಿದ ಮೇಲಾಗಿದ್ದರೆ ಇಡೀ ಚಿತ್ರ ಮತ್ತೆ ಬರೆಯಬೇಕಿತ್ತಂತೆ.

ನಿನ್ನೆ ಫ್ರೇಮ್ ಕೊಟ್ಟೆ. ತಂಗಿ ಮೊದಲು ಬೆರಳಿಟ್ಟಿದ್ದು ಆ ಮಚ್ಚೆಯ ಮೇಲೆ!