[ಪದಚರ್ಚೆ] ತುರ್ತು: ಉದ್ಯಾನದ ಫಲಕಕ್ಕೆ ಹಲ್ಲಿ, ಓತಿ, ಗೋಸುಂಬೆ, ಹಾವುರಾಣಿ: ಯಾವ ಚಿತ್ರಕ್ಕೆ ಯಾವ ಹೆಸರು?

ಸುಮಾ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಮೈಸೂರಿನ ಒಂದು ಬಡಾವಣೆಯ ಉದ್ಯಾನದಲ್ಲಿ ಮಕ್ಕಳಿಗಾಗಿ ಫಲಕ ಹಾಕಿಸುತ್ತಿದ್ದೇವೆ. ನಾಳೆ ಬೆಳಿಗ್ಗೆ 11ಕ್ಕೆ ಅಚ್ಚಿಗೆ ಕೊಡಬೇಕು. ಮೂರು ಫೋಟೊಗಳಿವೆ, ಮೂರೂ ಅಲ್ಲೇ ತೆಗೆದವು. ಮೊದಲನೆಯದು ರಾತ್ರಿ ದೀಪದ ಕೆಳಗೆ ಗೋಡೆಯ ಮೇಲಿರುವುದು. ಎರಡನೆಯದು ದಾಸವಾಳದ ಕೊಂಬೆಯ ಮೇಲೆ, ತಲೆ ಕೆಂಪಗಿದೆ, ಜೂನ್ ಮೊದಲ ವಾರದ್ದು. ಮೂರನೆಯದು ತರಗೆಲೆಗಳ ನಡುವೆ ಮಿರಮಿರ ಹೊಳೆಯುತ್ತಿದೆ. ಇಂಗ್ಲಿಷ್ ಕರಡಿನಲ್ಲಿ ಗೆಕ್ಕೊ, ಕೆಮೀಲಿಯನ್, ಸ್ಕಿಂಕ್ ಎಂದಿದೆ. ಹಲ್ಲಿ, ಗೋಸುಂಬೆ, ಹಾವುರಾಣಿ ಎಂದು ಬರೆದರೆ ಸರಿಯೇ? ಊಸರವಳ್ಳಿ ಎನ್ನಬೇಕೇ?

ರಾಘವೇಂದ್ರ:

ಊಸರವಳ್ಳಿ ಬೇಡ. ಅದು ತೆಲುಗಿನಿಂದ ಬಂದದ್ದು. ಬಣ್ಣ ಬದಲಿಸುವುದು ಗೋಸುಂಬೆ, ಕೆಂಪು ತಲೆಯೇ ಅದಕ್ಕೆ ಸಾಕ್ಷಿ. ಗೋಡೆಯದು ಹಲ್ಲಿ, ಬೆರಳ ತುದಿ ಅಗಲವಾಗಿರುವುದು ಹಲ್ಲಿಗೆ ಮಾತ್ರ. ಉಳಿದದ್ದು ಸರಿ, ಅಚ್ಚಿಗೆ ಕೊಡಿ.

ನಾಗೇಶ್:

ಕೊಡಬೇಡಿ. ಎರಡನೆಯದು ಗೋಸುಂಬೆಯಲ್ಲ, ಓತಿಕ್ಯಾತ.

ಬಣ್ಣ ನೋಡಿ ಹೆಸರಿಡುವುದೇ ಇಲ್ಲಿ ದಾರಿ ತಪ್ಪಿಸುವುದು. ಮುಂಗಾರು ಹತ್ತಿರವಾಗುತ್ತಿದ್ದಂತೆ ಗಂಡು ಓತಿಯ ತಲೆ, ಭುಜ ಕೆಂಪೇರುತ್ತವೆ, ಗಂಟಲ ಪಕ್ಕದಲ್ಲಿ ಕಪ್ಪು ಮಚ್ಚೆ ಬರುತ್ತದೆ. ಹೆಣ್ಣನ್ನು ಕರೆಯುವುದಕ್ಕೆ, ಇನ್ನೊಂದು ಗಂಡನ್ನು ಓಡಿಸುವುದಕ್ಕೆ ಈ ಬಣ್ಣ. ಹೆದರಿದರೆ ಅಥವಾ ಜಗಳದಲ್ಲಿ ಸೋತರೆ ಬೇಗನೆ ಮಾಸುತ್ತದೆ. ಆದ್ದರಿಂದ ಬಣ್ಣ ಬದಲಿಸುತ್ತದೆ ಎಂಬ ಒಂದೇ ಗುರುತು ಹಿಡಿದು ಹೊರಟರೆ ಊರಿನ ಬೇಲಿಗಳ ಮೇಲೆಲ್ಲ ಗೋಸುಂಬೆಯೇ ಕಾಣುತ್ತದೆ.

ಸುಮಾ ಅವರೇ, ಫೋಟೊ ಹಿಗ್ಗಿಸಿ ಮೊದಲು ಕಾಲು ನೋಡಿ. ಕೊಂಬೆ ಹಿಡಿದಿರುವ ಮುಂಗಾಲಿನಲ್ಲಿ ಐದು ಸಪೂರ ಬೆರಳು ಬಿಡಿಬಿಡಿಯಾಗಿವೆ. ಗೋಸುಂಬೆಯಾಗಿದ್ದರೆ ಬೆರಳುಗಳು ಎರಡು ಕಟ್ಟಾಗಿ ಕೂಡಿಕೊಂಡು, ಒಂದು ಕಟ್ಟಿನಲ್ಲಿ ಎರಡು ಇನ್ನೊಂದರಲ್ಲಿ ಮೂರು, ಇಕ್ಕಳದ ಹಾಗೆ ಕೊಂಬೆಯನ್ನು ಎರಡು ಕಡೆಯಿಂದ ಹಿಡಿದಿರುತ್ತಿದ್ದವು. ಆಮೇಲೆ ಬಾಲ. ನಿಮ್ಮ ಫೋಟೊದಲ್ಲಿ ಮೈಯ ಎರಡರಷ್ಟಕ್ಕಿಂತ ಉದ್ದವಿದೆ, ನೆಟ್ಟಗೆ ಇಳಿಬಿದ್ದಿದೆ. ಗೋಸುಂಬೆ ಬಾಲವನ್ನು ಕೊಂಬೆಗೆ ಸುತ್ತುತ್ತದೆ, ಇಲ್ಲವೇ ಸುರುಳಿ ಮಾಡಿಕೊಂಡಿರುತ್ತದೆ. ಹೆಕ್ಕತ್ತಿನಿಂದ ಬೆನ್ನಿಗೆ ಇಳಿದಿರುವ ಮುಳ್ಳಿನ ಸಾಲೂ ಓತಿಯದೇ. ಗೋಸುಂಬೆಯ ಕಣ್ಣು ಮುಂದಕ್ಕೆ ಉಬ್ಬಿ, ಪಾಪೆಯಷ್ಟೇ ಬಿಟ್ಟು ಉಳಿದದ್ದೆಲ್ಲ ಚರ್ಮದಲ್ಲಿ ಮುಚ್ಚಿರುತ್ತದೆ. ಒಂದು ಕಣ್ಣು ಮುಂದೆ ನೋಡುತ್ತಿದ್ದರೆ ಇನ್ನೊಂದು ಹಿಂದೆ ತಿರುಗಬಲ್ಲದು. ಇಲ್ಲಿ ಹಾಗೇನೂ ಇಲ್ಲ.

ಇಡೀ ಭಾರತದಲ್ಲಿ ಇರುವ ಗೋಸುಂಬೆ ಒಂದೇ ಜಾತಿ. ನಮ್ಮಲ್ಲಿ ಬಯಲುಸೀಮೆಯ ಕುರುಚಲು ಕಾಡು, ಹೊಲದ ಬದುಗಳ ಜಾಲಿಯಲ್ಲಿ ಸಿಗುತ್ತದೆ. ಮೈಸೂರಿನ ಸುತ್ತ ಇಲ್ಲವೇ ಇಲ್ಲ ಎನ್ನಲಾರೆ. ಈ ಫೋಟೊದಲ್ಲಿ ಇಲ್ಲ, ಅಷ್ಟೇ.

ರಾಘವೇಂದ್ರ ಅವರಿಗೆ: ಅಗಲ ಬೆರಳು ಮನೆ ಹಲ್ಲಿಗೆ ಸರಿ. ಪಶ್ಚಿಮ ಘಟ್ಟದ ಬಂಡೆಗಳ ಮೇಲೆ ಹಗಲಲ್ಲೇ ತಿರುಗುವ ಪುಟ್ಟ ಹಲ್ಲಿಗಳಿವೆ. ಅವುಗಳ ಬೆರಳು ಸಪೂರ, ಪಾಪೆಯೂ ದುಂಡು. ಅವೂ ಹಲ್ಲಿಗಳೇ. ಅವಕ್ಕೂ ಮನೆ ಹಲ್ಲಿಗೂ ಮುಚ್ಚುವ ರೆಪ್ಪೆ ಇಲ್ಲ, ಕಣ್ಣಿಗೆ ಧೂಳು ಬಿದ್ದರೆ ನಾಲಿಗೆಯಿಂದ ನೆಕ್ಕಿಕೊಳ್ಳುತ್ತವೆ. ಓತಿ, ಹಾವುರಾಣಿ ಎರಡೂ ಕಣ್ಣು ಮಿಟುಕಿಸುತ್ತವೆ.

ರಾಘವೇಂದ್ರ:

ನಮ್ಮ ಕಡೆ ಜನ ಬೇಲಿಯ ಮೇಲಿನದನ್ನೇ ಗೋಸುಂಬೆ ಎನ್ನುತ್ತಾರೆ. ಜನ ಆಡುವುದು ತಪ್ಪು ಎನ್ನುವ ಅಧಿಕಾರ ಯಾರಿಗೂ ಇಲ್ಲ.

ನಾಗೇಶ್:

ಆಡಲಿ. ಫಲಕದ ಮೇಲೆ ಚಿತ್ರವಿದೆ. ಎರಡು ಪ್ರಾಣಿಗೆ ಎರಡು ಕನ್ನಡ ಹೆಸರಿರುವಾಗ ಒಂದನ್ನು ಮಕ್ಕಳಿಂದ ಕಸಿಯುವುದೇಕೆ? ‘ಓತಿಕ್ಯಾತಕ್ಕೆ ಬೇಲಿ ಗೂಟ ಸಾಕ್ಷಿ’ ಎಂಬ ಗಾದೆ ಕಟ್ಟಿದವರೂ ಜನರೇ.

ವಾಸುದೇವ:

ಮೂರನೆಯ ಹೆಸರಿನ ಬಗ್ಗೆ ಯಾರೂ ಮಾತಾಡುತ್ತಿಲ್ಲ. ‘ಹಾವುರಾಣಿ’ಯಲ್ಲಿ ರಾಣಿ ಇಲ್ಲ. ತಮಿಳಿನ ಅರಣೈ, ಮಲಯಾಳದ ಅರಣ, ತುಳು ಮತ್ತು ಕನ್ನಡದ ಅರಣೆ ಎಲ್ಲ ಒಂದೇ ಬೇರಿನವು. ಮೊದಲ ಸ್ವರ ಬಿದ್ದು ರಾಣೆ, ಅದು ರಾಣಿ. ಹಾವಿನಂತೆ ಹರಿಯುವುದರಿಂದ ಮುಂದೆ ಹಾವು ಸೇರಿತು. ರಾಣಿ ಎಂದ ಕೂಡಲೇ ಫಲಕದವರು ಕಿರೀಟದ ಚಿತ್ರ ಬರೆಯುತ್ತಾರೆ. ಅರಣೆ ಎಂದೇ ಹಾಕಿ. ಓತಿಯೂ ಹಾಗೇ ಹಳೆಯದು, ತಮಿಳಿನ ಓಂದಿ, ತುಳುವಿನ ಓಂತಿಯ ಒಡಹುಟ್ಟು. ‘ಕ್ಯಾತ’ ಬೇಡ, ‘ಓತಿ’ ಸಾಕು.

ಲಲಿತಾ:

ಅರಣೆ ಎಂದು ನೋಡಿ ಕೇಳುತ್ತಿದ್ದೇನೆ. ನಮ್ಮದು ಪುತ್ತೂರು ಕಡೆ. ತೆಂಗಿನ ಬುಡದಲ್ಲಿ ಅರಣೆಗಳು ಓಡಾಡುತ್ತವೆ, ಕಚ್ಚಿದರೆ ಉಳಿಯುವುದಿಲ್ಲ ಎಂದು ಅತ್ತೆಯವರು ಹೇಳುತ್ತಿದ್ದರು. ಮೊನ್ನೆ ಕೆಂಪು ಬಾಲದ್ದೊಂದು ಸಣ್ಣದು ಕಂಡಿತು. ಮೊಮ್ಮಗ ಬರುವವನಿದ್ದಾನೆ. ಓಡಿಸಲು ಏನಾದರೂ ಸಿಂಪಡಿಸಬಹುದೇ?

ವಾಸುದೇವ:

ಇದು ಪದಚರ್ಚೆಯ ಪಟ್ಟಿ.

ನಾಗೇಶ್:

ಲಲಿತಕ್ಕ, ಏನೂ ಸಿಂಪಡಿಸಬೇಡಿ. ಅರಣೆಗೆ ವಿಷವೇ ಇಲ್ಲ, ಹುಳುಹುಪ್ಪಟೆ ತಿಂದು ಬದುಕುತ್ತದೆ. ಕೆಲವು ಜಾತಿಗಳ ಮರಿಗೆ ಬಾಲ ಕೆಂಪಗಿರುತ್ತದೆ, ಬೆಳೆದಂತೆ ಹೋಗುತ್ತದೆ. ಹಿಡಿಯಲು ಹೋದರೆ ಬಾಲ ಕಳಚಿ ಓಡುತ್ತದೆ. ಕಳಚಿದ ಬಾಲ ಹೊರಳಾಡುವುದನ್ನು ಕಂಡು ಮಗು ಹೆದರದಂತೆ ಮೊದಲೇ ಹೇಳಿಡಿ.

ಸುಮಾ ಅವರ ಮೂರನೆಯ ಫೋಟೊ ಅದೇ ಬಳಗದ್ದು. ತಲೆಯೂ ಕುತ್ತಿಗೆಯೂ ಒಂದೇ ದಪ್ಪ, ಕಾಲು ಗಿಡ್ಡ, ಹುರುಪೆ ಒಂದರ ಮೇಲೊಂದು ಹೊದ್ದು ಹೊಳೆಯುತ್ತಿವೆ. ಯಾವ ಜಾತಿ ಎಂದು ಮಾತ್ರ ಬರೆಯಬೇಡಿ. ಬೆನ್ನಿನ ಒಂದೊಂದು ಹುರುಪೆಯ ಮೇಲೂ ಎಷ್ಟು ಏಣುಗಳಿವೆ ಎಂದು ಎಣಿಸದೆ ಹೇಳಲಾಗದು, ಈ ಫೋಟೊದಲ್ಲಿ ಅದು ಕಾಣುವುದಿಲ್ಲ.

ಪ್ರದೀಪ್:

ಇಷ್ಟೆಲ್ಲ ಯಾಕೆ? ಗೆಕ್ಕೊ, ಸ್ಕಿಂಕ್ ಎಂದೇ ಕನ್ನಡ ಲಿಪಿಯಲ್ಲಿ ಹಾಕಿ. ಬಸ್ಸು, ರೈಲು ಒಪ್ಪಿದ ಭಾಷೆ ಇದನ್ನೂ ಒಪ್ಪುತ್ತದೆ. ಮಕ್ಕಳು ಓದುವುದು ಇಂಗ್ಲಿಷ್ ಪುಸ್ತಕ.

ವಾಸುದೇವ:

ಬಸ್ಸು ಇಲ್ಲಿ ಇರಲಿಲ್ಲ, ಹೆಸರಿನ ಜೊತೆ ಬಂತು. ಹಲ್ಲಿ ನಿಮ್ಮ ಅಡುಗೆಮನೆಯಲ್ಲಿ ಲೊಚಗುಟ್ಟುತ್ತಿದೆ. ಇಲ್ಲದ್ದಕ್ಕೆ ಸಾಲ ತನ್ನಿ, ಇರುವುದಕ್ಕಲ್ಲ.

ಪ್ರದೀಪ್:

ಹಾಗಾದರೆ ಊಸರವಳ್ಳಿಯನ್ನು ಹೊರಗೆ ಹಾಕಲು ನಿಮಗೇನು ಆಧಾರ? ನಮ್ಮ ಅಜ್ಜಿ ಕೋಲಾರದವರು, ಅವರಿಗೆ ಅದೇ ಮನೆಮಾತು. ತೆಲುಗಿನ ಪದ ಸಾಲವಾದರೆ ತಮಿಳಿನದು ಹೇಗೆ ಒಡಹುಟ್ಟಾಯಿತು?

ವಾಸುದೇವ:

ಹೊರಗೆ ಹಾಕಿದ್ದು ನಾನಲ್ಲ, ರಾಘವೇಂದ್ರ. ಒಂದೇ ಬೇರಿನಿಂದ ಎರಡೂ ಕಡೆ ಬೆಳೆದದ್ದು ಬೇರೆ, ಗಡಿ ದಾಟಿ ಬಂದದ್ದು ಬೇರೆ. ಊಸರವಳ್ಳಿ ಯಾವುದು ಎಂಬುದಕ್ಕೆ ಹಳೆಯ ಪ್ರಯೋಗ ತೋರಿಸಿ, ಆಮೇಲೆ ಮಾತಾಡೋಣ.

ರಾಘವೇಂದ್ರ:

ಗಡಿ ಜಿಲ್ಲೆಯ ಮನೆಮಾತು ಫಲಕದ ಕನ್ನಡವಾಗಬೇಕಿಲ್ಲ.

ಪ್ರದೀಪ್:

ಕೋಲಾರದ ಕನ್ನಡ ಕನ್ನಡವಲ್ಲವೇ? ಇದನ್ನು ಇಲ್ಲಿಗೆ ಬಿಡುವುದಿಲ್ಲ, ಬೇರೆ ಎಳೆ ತೆರೆಯುತ್ತೇನೆ.

ಸುಮಾ:

ಎಲ್ಲರಿಗೂ ಧನ್ಯವಾದ. ಅಚ್ಚಿಗೆ ಹೀಗೆ ಹೋಗುತ್ತಿದೆ.

1. ಮನೆ ಹಲ್ಲಿ. ಕಣ್ಣಿಗೆ ರೆಪ್ಪೆ ಇಲ್ಲ. ಅಗಲವಾದ ಬೆರಳುಗಳಿಂದ ಗೋಡೆಗೆ ಅಂಟಿಕೊಳ್ಳುತ್ತದೆ.
2. ಓತಿಕ್ಯಾತ. ಮುಂಗಾರಿನ ಹೊತ್ತಿಗೆ ಗಂಡಿನ ತಲೆ ಕೆಂಪಾಗುತ್ತದೆ. ಇದು ಗೋಸುಂಬೆಯಲ್ಲ: ಬೆರಳು ನೋಡಿ, ಬಿಡಿಬಿಡಿಯಾಗಿವೆ.
3. ಹಾವುರಾಣಿ (ಅರಣೆ). ನುಣುಪು ಮೈ, ಗಿಡ್ಡ ಕಾಲು. ವಿಷವಿಲ್ಲ.

ಮೈಸೂರಿನ ಮಕ್ಕಳ ಬಾಯಲ್ಲಿ ‘ಓತಿಕ್ಯಾತ’ವೇ ಇರುವುದರಿಂದ ‘ಕ್ಯಾತ’ ಉಳಿಸಿಕೊಂಡಿದ್ದೇನೆ. ನಾಗೇಶ್ ಅವರೇ, ಗೋಸುಂಬೆಯ ಕಾಲು ಸ್ಪಷ್ಟವಾಗಿ ಕಾಣುವ ಫೋಟೊ ನಿಮ್ಮ ಬಳಿ ಇದ್ದರೆ ಇವತ್ತು ರಾತ್ರಿಯೇ ಕಳಿಸಿ. ಎರಡನೆಯದರ ಪಕ್ಕ ಅಂಗೈಯಗಲ ಜಾಗವಿದೆ.

ವಾಸುದೇವ:

ಅರಣೆ ಆವರಣದಲ್ಲಲ್ಲ, ಮೊದಲು ಬರಬೇಕಿತ್ತು.