ವಿಷಯ: ‘ಆಡಿಟ್ ಟ್ರೇಲ್’ ಶೀಟಿಗೆ ಹೆಸರು: ತಿದ್ದುಪಡಿಯೋ ಬದಲಾವಣೆಯೋ? (ನಾಳೆ ಸಂಜೆಯೊಳಗೆ ಬೇಕು)

ಸಿಂಧನೂರಿನಿಂದ:
ಎಲ್ಲರಿಗೂ ನಮಸ್ಕಾರ. ನಾನು ಒಂದು ರೈತರ ಸಂಘದ ಲೆಕ್ಕ ನೋಡಿಕೊಳ್ಳುವಾಕಿ. ಭತ್ತದ ದಾಸ್ತಾನಿನ ಎಕ್ಸೆಲ್ ಫೈಲಿಗೆ ಹೊಸದೊಂದು ಶೀಟು ಸೇರಿಸುತ್ತಿದ್ದೇವೆ. ಸಹಿ ಬಿದ್ದ ಅಂಕಿ ಆಮೇಲೆ ಬೇರೆಯಾದರೆ ಯಾವಾಗ, ಯಾರಿಂದ, ಹಳೆಯದು ಎಷ್ಟು, ಹೊಸದು ಎಷ್ಟು ಅಂತ ಅದರಲ್ಲಿ ಮ್ಯಾಕ್ರೋ ಮೂಲಕ ತಾನಾಗಿ ದಾಖಲಾಗಬೇಕು. ಹೋದ ತಿಂಗಳು 1,240 ಚೀಲಕ್ಕೆ ಸಹಿಯಾಗಿತ್ತು, ವರದಿ ತೆಗೆದಾಗ 1,420 ಬಂತು. ಚೀಲಕ್ಕೆ 75 ಕಿಲೋ ಹಿಡಿದರೆ 135 ಕ್ವಿಂಟಲ್ ಫರಕು. ಯಾರೋ ಅಂಕಿ ಅದಲುಬದಲು ಮಾಡಿದ್ದಾರೆ ಅಂತ ನಮ್ಮ ಅಂದಾಜು.

ಶೀಟಿಗೆ ‘ಅನುಮೋದಿತ ಅಂಕಿಗಳ ತಿದ್ದುಪಡಿ ದಾಖಲೆ ಪಟ್ಟಿ’ ಅಂತ ಹೆಸರಿಟ್ಟರೆ ಎಕ್ಸೆಲ್ ಪೂರ್ತಿ ತೆಗೆದುಕೊಳ್ಳುತ್ತಿಲ್ಲ. ಚಿಕ್ಕದಾದ, ಸರಿಯಾದ ಪದ ಹೇಳಿ.

ರಾಯಚೂರಿನಿಂದ:
‘ಮಾರ್ಪಾಡು.’ ದಾಖಲೆ ಅರಬ್ಬಿ, ಬದಲಾವಣೆಯ ‘ಬದಲ್’ ಕೂಡ ಅರಬ್ಬಿ. ಕನ್ನಡದ್ದೇ ಪದ ಇರುವಾಗ ಎರವಲು ಯಾಕೆ?

ಕೊಪ್ಪಳದಿಂದ:
ನಮ್ಮ ಹೊಲದ ಪಹಣಿಯೊಳಗೆ ಹೆಸರು ಬದಲಾಗಬೇಕಾಗಿ ಎರಡು ವರ್ಷ ಆತು. ಅದಕ್ಕೂ ಇಂಥ ದಾಖಲೆ ಸಿಗ್ತದೇನ್ರಿ?

ಇರಲಿ, ನನಗೆ ಗೊತ್ತಿರೋದು ಹೇಳ್ತೀನಿ. ಕೈಬರಹದ ಖಾತೆ ಪುಸ್ತಕದಾಗ ತಪ್ಪಾದರೆ ಅಂಕಿ ಅಳಿಸೋ ಹಾಗಿರಲಿಲ್ಲ. ಹಳೇದು ಓದಾಕ ಬರೋ ಹಂಗ ಒಂದು ಗೀಟು ಎಳದು, ಮ್ಯಾಲೆ ಹೊಸದು ಬರದು, ಬದಿಗೆ ಸಣ್ಣ ಸಹಿ. ಅದಕ್ಕ ನಾವು ತಿದ್ದುಪಡಿ ಅಂತಿದ್ವಿ.

ಬಳ್ಳಾರಿಯಿಂದ:
ಕೊಪ್ಪಳದ ಸರ್ ಹೇಳಿದ ಗೀಟಿನಲ್ಲೇ ಅಕ್ಕನವರ ಪ್ರಶ್ನೆಯ ತಿರುಳಿದೆ. ತಿದ್ದುವುದು ಕೈಯ ಕೆಲಸ, ತಿದ್ದಿದವರು ಇರಲೇಬೇಕು. ಆದರೆ ವರ್ಕ್‌ಬುಕ್‌ನಲ್ಲಿ ಯಾರೂ ಮುಟ್ಟದೆ ಅಂಕಿ ಬದಲಾಗಬಹುದು. ಅಕ್ಕಾ, ಆ 1,240 ಇದ್ದ ಸೆಲ್‌ನಲ್ಲಿ ಟೈಪ್ ಮಾಡಿದ ಅಂಕಿ ಇತ್ತೋ, ಫಾರ್ಮುಲಾ ಇತ್ತೋ? ಫಾರ್ಮುಲಾ ಆಗಿದ್ದರೆ ನಿಮ್ಮ ಮ್ಯಾಕ್ರೋ ಏನನ್ನೂ ಬರೆದುಕೊಳ್ಳುವುದಿಲ್ಲ. `Worksheet_Change` ಎಚ್ಚರಗೊಳ್ಳುವುದು ಸೆಲ್‌ಗೆ ಯಾರಾದರೂ ಏನಾದರೂ ಹಾಕಿದಾಗ. ಮರುಲೆಕ್ಕದಿಂದ ಉತ್ತರ ಬದಲಾದರೆ ಅದಕ್ಕೆ ಗೊತ್ತೇ ಆಗುವುದಿಲ್ಲ.

ಹೆಸರಿನ ತೊಡಕು ಬೇರೆ. ಶೀಟಿನ ಹೆಸರಿಗೆ 31ರ ಮಿತಿ ಇದೆ. ಕಣ್ಣಿಗೆ ನಿಮ್ಮ ಹೆಸರಿನಲ್ಲಿ 18 ಅಕ್ಷರ, ಆದರೆ ಎಕ್ಸೆಲ್ ಗುಣಿತದ ಚಿಹ್ನೆ, ಒತ್ತಿನ ವಿರಾಮ, ನಡುವಿನ ಜಾಗ ಎಲ್ಲವನ್ನೂ ಬೇರೆಬೇರೆ ಎಣಿಸಿ 37 ಅನ್ನುತ್ತದೆ. ‘ಪಟ್ಟಿ’ ಬಿಟ್ಟರೆ ಸರಿಯಾಗಿ 31. ಇನ್ನೊಂದು, ಮ್ಯಾಕ್ರೋ ಬರೆಯುವ ಕಿಟಕಿಯಲ್ಲಿ ಕನ್ನಡ ಹೆಸರು ಪ್ರಶ್ನಾರ್ಥಕ ಚಿಹ್ನೆಗಳಾಗಿ ಹೋಗುತ್ತದೆ. ಒಳಗೆ ಶೀಟಿನ `(Name)` ಗುಣವನ್ನು `shLog` ಎಂದಿಟ್ಟು ಅದನ್ನೇ ಕರೆಯಿರಿ. ಹೊರಗಿನ ಹೆಸರು ಆಮೇಲೆ ಏನಾದರೂ ಆಗಲಿ, ಮ್ಯಾಕ್ರೋ ಕೆಡುವುದಿಲ್ಲ.

ಗಂಗಾವತಿಯಿಂದ:
ಮ್ಯಾಕ್ರೋ ಯಾಕ್ರೀ? ಹೊಸ ಎಕ್ಸೆಲ್‌ನಲ್ಲಿ `Show Changes` ಇದೆ. ಒತ್ತಿದರೆ ಯಾರು ಏನು ಮಾಡಿದರು ಅಂತ ಎಲ್ಲಾ ಬರ್ತದ. ಶೀಟೂ ಬೇಡ, ಹೆಸರೂ ಬೇಡ.

ಬಳ್ಳಾರಿಯಿಂದ:
ಅದು 60 ದಿನದ ಹಿಂದಿನದನ್ನು ತೋರಿಸುವುದಿಲ್ಲ. ಲೆಕ್ಕಪರಿಶೋಧಕರು ಬರುವುದು ವರ್ಷ ಮುಗಿದ ಮೇಲೆ. ಮ್ಯಾಕ್ರೋನೂ ಪೂರ್ತಿ ನಂಬುವಂಥದ್ದಲ್ಲ. ಫೈಲ್ ತೆರೆಯುವಾಗ ಮ್ಯಾಕ್ರೋ ಬೇಡ ಎಂದವರು ಮಾಡಿದ್ದು ಅದರಲ್ಲಿ ಬರುವುದಿಲ್ಲ. ‘ಯಾರು’ ಎಂಬ ಕಂಬಸಾಲಿಗೆ `Application.UserName` ಹಾಕಬೇಡಿ, ಅದನ್ನು ಯಾರು ಬೇಕಾದರೂ ಆಪ್ಷನ್ಸ್‌ನಲ್ಲಿ ಬದಲಾಯಿಸಬಹುದು. ವಿಂಡೋಸ್ ಲಾಗಿನ್ ಹೆಸರು ವಾಸಿ, ಆದರೆ ಕಚೇರಿಗೆಲ್ಲ ಒಂದೇ ಲಾಗಿನ್ ಇದ್ದರೆ ಅದೂ ವ್ಯರ್ಥ.

ರಾಯಚೂರಿನಿಂದ:
ಈ ಗುಂಪಿನಲ್ಲಿ ಕಂಪ್ಯೂಟರ್ ಪಾಠ ಬೇಡ. ಪದದ ಬಗ್ಗೆ ಮಾತಾಡಿ. ‘ಕಂಬಸಾಲು’ ಬರೆದವರು ‘ಆಪ್ಷನ್ಸ್’ ಯಾಕೆ ಬರೆದರು?

ಕೊಪ್ಪಳದಿಂದ:
ನಿಜಾಮರ ಕಾಲದಿಂದ ರಾಯಚೂರು, ಕೊಪ್ಪಳದ ದಫ್ತರದಾಗ ಜಮಾ, ಖರ್ಚು, ಬಾಕಿ, ಸಹಿ ಅಂತನೇ ಲೆಕ್ಕ ಬರದೀವಿ. ಇವನ್ನೆಲ್ಲ ತಗದು ಹಾಕಿ ಒಂದು ರಸೀದಿ ಬರದು ತೋರಸ್ರಿ ನೋಡೋಣು.

ರಾಯಚೂರಿನಿಂದ:
ಬರೆದಿದ್ದೇನೆ. ಓದುವವರಿಗೆ ಅರ್ಥವಾಗಿದೆ.

ಸಿಂಧನೂರಿನಿಂದ:
ಬಳ್ಳಾರಿ ಸರ್, ನೀವು ಹೇಳಿದ ಹಾಗೆ ನೋಡಿದೆ. ಅದು ಫಾರ್ಮುಲಾನೇ, `SUM`. ಆವಕದ ಶೀಟಿನಲ್ಲಿ ಒಬ್ಬ ರೈತರ 20 ಚೀಲ ಸಹಿಯಾದ ಮೇಲೆ 200 ಆಗಿದೆ. ತೂಕದ ಚೀಟಿಯಲ್ಲಿ 20 ಅಂತಲೇ ಇದೆ. ಮೊತ್ತ 180 ಜಾಸ್ತಿಯಾಗಿದ್ದು ಅದರಿಂದಲೇ. ಅಂಕಿ ಅದಲುಬದಲಾದ ಹಾಗೆ ಕಂಡಿದ್ದು ಕಾಕತಾಳೀಯ. ನಾನು ಮೊತ್ತದ ಸೆಲ್‌ಗಷ್ಟೇ ಕಾವಲಿಟ್ಟಿದ್ದರೆ ದಾಖಲೆಯ ಶೀಟು ಖಾಲಿಯೇ ಉಳಿಯುತ್ತಿತ್ತು.

ಈಗ ಆವಕದ ಶೀಟಿಗೂ ಮ್ಯಾಕ್ರೋ ಹಾಕಿದ್ದೇನೆ. ಸಹಿಯಾದ ದಿನದ ಮೊತ್ತವನ್ನು ಪಕ್ಕದ ಸೆಲ್‌ಗೆ ಬರೀ ಅಂಕಿಯಾಗಿ ಪೇಸ್ಟ್ ಮಾಡಿ, ಎರಡರ ವ್ಯತ್ಯಾಸ ಸೊನ್ನೆಯಲ್ಲದಿದ್ದರೆ ಕೆಂಪಾಗುವಂತೆ ಮಾಡಿದ್ದೇನೆ. ಮೊತ್ತವನ್ನು ಯಾರೂ ತಿದ್ದಿಲ್ಲ, ಅದು ಬದಲಾಗಿದೆ. ಹಾಗಾಗಿ ಶೀಟಿಗೆ ‘ಅನುಮೋದಿತ ಅಂಕಿಗಳ ಬದಲಾವಣೆ’ ಅಂತಿಟ್ಟೆ. ಕಾರಣ ಬರೆಯುವ ಸಾಲಿಗೆ ಮಾತ್ರ ‘ತಿದ್ದುಪಡಿಗೆ ಕಾರಣ’ ಅಂತಲೇ ಉಳಿಸಿದ್ದೇನೆ, ಅದನ್ನು ಮನುಷ್ಯರೇ ತುಂಬಬೇಕಲ್ಲ.

ರಾಯಚೂರಿನಿಂದ:
‘ಮಾರ್ಪಾಡು’ ಎರಡಕ್ಕೂ ಆಗುತ್ತಿತ್ತು.

ಕೊಪ್ಪಳದಿಂದ:
ಆಗೂದಿಲ್ಲ. ಮಾರ್ಪಾಡು ಅಂದ್ರ ಬೇಕಂತ ಮಾಡಿದ್ದು. 20 ಹೋಗಿ 200 ಆದದ್ದು ಮಾರ್ಪಾಡೇನ್ರಿ?