ಔಷಧಿ ಹೊಡೆಯುವವರ ಶ್ವಾಸಕೋಶವೇ ಚೆನ್ನಾಗಿ ಕಾಣುವುದೇಕೆ?

ಪ್ರಶ್ನೆ – ಸಮುದಾಯ ವೈದ್ಯಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ, ಶಿವಮೊಗ್ಗ

ಸಾಗರ ಮತ್ತು ಹೊಸನಗರದ ಕಡೆ ಅಡಿಕೆ ಮರ ಹತ್ತಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವವರ ಉಸಿರಾಟದ ಆರೋಗ್ಯದ ಬಗ್ಗೆ ಅಧ್ಯಯನ ಮಾಡುತ್ತಿದ್ದೇನೆ. ಈಗ ಔಷಧಿ ಹೊಡೆಯುತ್ತಿರುವವರನ್ನು ಅದೇ ಊರಿನಲ್ಲಿ ಈಗ ಹೊಡೆಯದಿರುವ ಗಂಡಸರ ಜೊತೆ ಹೋಲಿಸಿದರೆ, ಸ್ಪೈರೋಮೆಟ್ರಿ ಎಂಬ ಉಸಿರಾಟದ ಪರೀಕ್ಷೆಯಲ್ಲಿ ಹೊಡೆಯುವವರ ಫಲಿತಾಂಶವೇ ಉತ್ತಮವಾಗಿದೆ. ಹಳೆಯ ಹಾಜರಿ ಪುಸ್ತಕಗಳಲ್ಲಿ ಹೆಸರಿರುವ ಕೆಲವರು ಸಿಕ್ಕೇ ಇಲ್ಲ. ಆ ದ್ರಾವಣದಲ್ಲಿರುವ ತಾಮ್ರದ ಲವಣವಾದ ಮೈಲುತುತ್ತದಿಂದ ತೊಂದರೆ ಇಲ್ಲವೆಂದು ಬರೆಯಬಹುದೇ?

ಉತ್ತರ – ಔದ್ಯೋಗಿಕ ಆರೋಗ್ಯದ ಎಪಿಡೆಮಿಯಾಲಜಿಸ್ಟ್

ಬರೆಯಬೇಡಿ. ನಿಮ್ಮ ಅಳತೆ ಸರಿಯಾಗಿಯೇ ಇರಬಹುದು, ಆದರೆ ಆ ಅಳತೆ ಮೈಲುತುತ್ತದ ಬಗ್ಗೆ ಏನನ್ನೂ ಹೇಳುತ್ತಿಲ್ಲ. ಮರ ಹತ್ತಬಲ್ಲವರು ಯಾರು ಎಂಬುದನ್ನಷ್ಟೇ ಹೇಳುತ್ತಿದೆ.

ಅಡಿಕೆ ಮರ ಹತ್ತಿ, ಒಂದು ಮರದಿಂದ ಇನ್ನೊಂದಕ್ಕೆ ತೂಗಿಕೊಂಡು ಹೋಗಿ ಕೊನೆಗಳಿಗೆ, ಅಂದರೆ ಅಡಿಕೆ ಗೊನೆಗಳಿಗೆ, ಔಷಧಿ ಹೊಡೆಯುವ ಕೆಲಸಕ್ಕೆ, ಚಿಕ್ಕಂದಿನಿಂದ ಉಬ್ಬಸ ಇರುವ ಹುಡುಗನನ್ನು ಯಾವ ಮನೆಯವರೂ ಕಳಿಸುವುದಿಲ್ಲ, ಯಾವ ಮೇಸ್ತ್ರಿಯೂ ಕರೆಯುವುದಿಲ್ಲ. ಹಾಗಾಗಿ ಕೆಲಸಕ್ಕೆ ಸೇರಿದ ದಿನವೇ ಈ ಗುಂಪಿನ ಉಸಿರು ಊರಿನ ಸರಾಸರಿಗಿಂತ ಮೇಲಿರುತ್ತದೆ. ಕೆಲಸದಲ್ಲಿರುವವರು ಉಳಿದವರಿಗಿಂತ ಆರೋಗ್ಯವಂತರಾಗಿ ಕಾಣುವ ಹೆಲ್ದಿ ವರ್ಕರ್ ಎಫೆಕ್ಟ್ ಎನ್ನುವುದರ ಮೊದಲ ಅರ್ಧ ಇದು. ನಿಮ್ಮ ಪ್ರಶ್ನೆಗೆ ಹೆಚ್ಚು ಸಂಬಂಧಿಸಿದ್ದು ಎರಡನೆಯ ಅರ್ಧ, ಅಂದರೆ ಕೆಲಸ ಬಿಡುವವರ ಕತೆ. ಏದುಸಿರು ಶುರುವಾದವನು ಮೊದಲು ಮರ ಹತ್ತುವುದನ್ನು ಬಿಟ್ಟು ಕೆಳಗೆ ಪಂಪು ಒತ್ತುತ್ತಾನೆ, ಆಮೇಲೆ ಅದನ್ನೂ ಬಿಟ್ಟು ಅಡಿಕೆ ಸುಲಿಯುವ ಚಪ್ಪರಕ್ಕೋ ಪೇಟೆಯ ಕೆಲಸಕ್ಕೋ ಹೋಗುತ್ತಾನೆ. ನೀವು 'ಈಗ ಹೊಡೆಯುತ್ತಿರುವವರು' ಎಂದು ಪಟ್ಟಿ ಮಾಡಿದಾಗ ಅವನು ಅದರಲ್ಲಿ ಇರುವುದಿಲ್ಲ. ಅಷ್ಟೇ ಆಗಿದ್ದರೆ ಅರ್ಧ ನಷ್ಟವಾಗುತ್ತಿತ್ತು. ಅವನು 'ಈಗ ಹೊಡೆಯದಿರುವ ಗಂಡಸರು' ಎಂಬ ಪಟ್ಟಿಯಲ್ಲಿ ಕುಳಿತಿರುವುದರಿಂದ, ಅವನ ಕಾಯಿಲೆ ಒಂದು ಕಡೆ ಕಳೆದು ಇನ್ನೊಂದು ಕಡೆ ಕೂಡುತ್ತದೆ.

ಲೆಕ್ಕಕ್ಕೆಂದು ಕೆಲವು ಸಂಖ್ಯೆಗಳನ್ನು ಊಹಿಸಿಕೊಳ್ಳೋಣ. ಇವು ಯಾರ ಅಧ್ಯಯನದ ಸಂಖ್ಯೆಗಳೂ ಅಲ್ಲ. ಹತ್ತು ವರ್ಷಗಳ ಹಿಂದೆ 100 ಜನ ಹೊಸದಾಗಿ ಔಷಧಿ ಹೊಡೆಯಲು ಸೇರಿದರು. ಇವತ್ತು 60 ಜನ ಮರ ಹತ್ತುತ್ತಿದ್ದಾರೆ, ಅವರಲ್ಲಿ 3 ಜನರಿಗೆ ಏದುಸಿರು ಇದೆ. 25 ಜನ ಕೆಳಗಿನ ಕೆಲಸಕ್ಕೆ ಇಳಿದಿದ್ದಾರೆ, ಅವರಲ್ಲಿ 6 ಜನರಿಗೆ ಇದೆ. 15 ಜನ ಪೂರ್ತಿ ಬಿಟ್ಟಿದ್ದಾರೆ, ಅವರಲ್ಲೂ 6 ಜನರಿಗೆ ಇದೆ. ಎಂದೂ ಔಷಧಿ ಹೊಡೆಯದ ಅದೇ ವಯಸ್ಸಿನ ಗಂಡಸರಲ್ಲಿ 100ಕ್ಕೆ 8 ಜನರಿಗೆ ಇದೆ ಎಂದಿಟ್ಟುಕೊಳ್ಳಿ. ಇವತ್ತು ತೋಟಕ್ಕೆ ಹೋಗಿ ನೋಡಿದವರಿಗೆ ಸಿಗುವುದು 60ರಲ್ಲಿ 3, ಅಂದರೆ ಶೇಕಡಾ 5. ಎಂಟಕ್ಕಿಂತ ಕಡಿಮೆಯಾದ್ದರಿಂದ ಔಷಧಿ ಹೊಡೆಯುವುದೇ ಕಾಪಾಡುತ್ತಿದೆ ಎನ್ನಿಸುತ್ತದೆ. ಸೇರಿದ ಎಲ್ಲರನ್ನೂ ಹಿಂಬಾಲಿಸಿದವರಿಗೆ ಸಿಗುವುದು 100ರಲ್ಲಿ 15, ಅಂದರೆ ಹೆಚ್ಚುಕಡಿಮೆ ಎರಡರಷ್ಟು. ಜನರೂ ಅವರೇ, ಕಾಯಿಲೆಯೂ ಅದೇ. ಪಟ್ಟಿಯನ್ನು ಎಲ್ಲಿಂದ ಶುರುಮಾಡಿದರು ಎಂಬುದಷ್ಟೇ ಬೇರೆ.

ಆದ್ದರಿಂದ ಆ ಹಾಜರಿ ಪುಸ್ತಕಗಳು ನಿಮ್ಮಲ್ಲಿರುವುದು ದೊಡ್ಡ ಅದೃಷ್ಟ. ಅವುಗಳಲ್ಲಿ ಮೊದಲ ಬಾರಿ ಹೆಸರು ಬಂದ ವರ್ಷದಿಂದಲೇ ಪ್ರತಿಯೊಬ್ಬನ ಲೆಕ್ಕ ಆರಂಭವಾಗಲಿ. ಪುಸ್ತಕ ಶುರುವಾಗುವ ಮೊದಲೇ ಹತ್ತಾರು ವರ್ಷ ಹೊಡೆದಿದ್ದವರನ್ನು ಬೇರೆಯಾಗಿಡಿ, ಏಕೆಂದರೆ ಅವರು ಆಗಲೇ ಒಂದು ಜರಡಿ ದಾಟಿ ಬಂದವರು.

ಪ್ರತಿಕ್ರಿಯೆ – ಕಾರ್ಖಾನೆಯೊಂದರ ಸುರಕ್ಷತಾ ಅಧಿಕಾರಿ, ಭದ್ರಾವತಿ

ಇದಕ್ಕೆ ಸುಲಭದ ದಾರಿ ಇದೆ. ಹೊರಗಿನವರ ಹೋಲಿಕೆಯನ್ನೇ ಕೈಬಿಟ್ಟು, ಔಷಧಿ ಹೊಡೆಯುವವರೊಳಗೇ ಐದು ವರ್ಷ ಹೊಡೆದವರನ್ನು ಇಪ್ಪತ್ತು ವರ್ಷ ಹೊಡೆದವರ ಜೊತೆ ಹೋಲಿಸಿ. ಎಲ್ಲರೂ ಮರ ಹತ್ತುವವರೇ ಆದ್ದರಿಂದ ಹೆಲ್ದಿ ವರ್ಕರ್ ಎಫೆಕ್ಟ್ ತಾನಾಗಿಯೇ ಹೋಗುತ್ತದೆ.

ಉತ್ತರ – ಎಪಿಡೆಮಿಯಾಲಜಿಸ್ಟ್

ಸರ್, ನೀವು ಹೇಳಿದ್ದರಲ್ಲಿ ಅರ್ಧ ಖಂಡಿತ ಸರಿ. ಒಳಗಿನ ಹೋಲಿಕೆಯಿಂದ ಸೇರುವಾಗಿನ ಆಯ್ಕೆಯ ತೊಂದರೆ ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಆದರೆ ಇಪ್ಪತ್ತು ವರ್ಷ ಹೊಡೆದವನು ಎಂದರೆ ಇಪ್ಪತ್ತು ವರ್ಷವೂ ಉಸಿರು ಕೈಕೊಡದೆ ಉಳಿದವನು. ಹೆಚ್ಚು ವರ್ಷ, ಹೆಚ್ಚು ಮೈಲುತುತ್ತ, ಆದರೂ ಒಳ್ಳೆಯ ಶ್ವಾಸಕೋಶ ಎಂಬ ವಿಚಿತ್ರ ಫಲಿತಾಂಶ ಬರುವುದು ಇಲ್ಲಿಯೇ, ಮತ್ತು ಇದನ್ನು ಒಳಗಿನ ಹೋಲಿಕೆ ಹೆಚ್ಚಿಸಲೂಬಹುದು.

1976ರಲ್ಲಿ ಫಾಕ್ಸ್ ಮತ್ತು ಕೊಲಿಯರ್ ಎಂಬ ಸಂಶೋಧಕರು ಬ್ರಿಟನ್ನಿನ ವಿನೈಲ್ ಕ್ಲೋರೈಡ್ ಕಾರ್ಖಾನೆಗಳ ಕೆಲಸಗಾರರಲ್ಲಿ ಇದನ್ನು ಬಿಡಿಸಿ ತೋರಿಸಿದರು. ಕೆಲಸಕ್ಕೆ ಸೇರಿದ ಮೊದಲ ಐದು ವರ್ಷಗಳಲ್ಲಿ ಸಾವುಗಳು ದೇಶದ ದರದಂತೆ ನಿರೀಕ್ಷಿಸಬೇಕಾದ ಸಂಖ್ಯೆಯ ಶೇಕಡಾ 37ರಷ್ಟು ಮಾತ್ರ ಇದ್ದವು. ಸೇರಿ ಹದಿನೈದು ವರ್ಷವಾಗುವ ಹೊತ್ತಿಗೆ ಆ ಅನುಕೂಲ ಹೆಚ್ಚುಕಡಿಮೆ ಕರಗಿತ್ತು. ಸೇರಿ ಹದಿನೈದು ವರ್ಷ ಬದುಕಿದ್ದವರನ್ನು ಅವರು ಎರಡು ಪಾಲು ಮಾಡಿದಾಗ, ಕೆಲಸ ಬಿಟ್ಟಿದ್ದವರ ಸಾವಿನ ಪ್ರಮಾಣ ಇನ್ನೂ ಕೆಲಸದಲ್ಲಿದ್ದವರಿಗಿಂತ ಸುಮಾರು ಅರ್ಧದಷ್ಟು ಹೆಚ್ಚಿತ್ತು. ಎರಡೂ ಪಾಲಿನವರು ಒಮ್ಮೆ ಅದೇ ಬಾಗಿಲಿನಿಂದ ಒಳಗೆ ಹೋದವರೇ.

ಇದಕ್ಕೆ ರಿಗ್ರೆಷನ್ ಎಂಬ ಮಾಮೂಲಿ ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ 'ಕೆಲಸದಲ್ಲಿದ್ದಾರೆಯೇ' ಎಂಬ ಕಾಲಂ ಸೇರಿಸಿದರೆ ಸಾಲದು. ಮೈಲುತುತ್ತದಿಂದ ಉಸಿರು ಕೆಡುತ್ತದೆ ಎಂದಾದರೆ, ಉಸಿರು ಕೆಟ್ಟಿದ್ದರಿಂದ ಕೆಲಸ ಬಿಡುತ್ತಾರೆ, ಬಿಟ್ಟಿದ್ದರಿಂದ ಮುಂದಿನ ಮೈಲುತುತ್ತ ನಿಲ್ಲುತ್ತದೆ. ಅಂದರೆ ಕೆಲಸ ಬಿಡುವುದು ಹಿಂದಿನ ಔಷಧಿಯ ಪರಿಣಾಮವೂ ಹೌದು, ಮುಂದಿನ ಔಷಧಿಯ ಪ್ರಮಾಣವನ್ನು ತೀರ್ಮಾನಿಸುವುದೂ ಹೌದು. 1986ರಲ್ಲಿ ಅಮೆರಿಕದ ಎಪಿಡೆಮಿಯಾಲಜಿಸ್ಟ್ ಜೇಮ್ಸ್ ರಾಬಿನ್ಸ್ ಹೊಸ ಲೆಕ್ಕದ ವಿಧಾನ ಕಟ್ಟಿದ್ದು ಇದೇ ಗಂಟನ್ನು ಬಿಡಿಸಲು. ಅದನ್ನು ಬಳಸಬೇಕಾದರೆ ಪ್ರತಿ ವರ್ಷ ಯಾರು ಹತ್ತಿದರು, ಯಾರು ಹತ್ತಲಿಲ್ಲ, ಮತ್ತು ಬಿಡುವ ಮೊದಲು ಅವರ ಉಸಿರು ಹೇಗಿತ್ತು ಎಂಬ ದಾಖಲೆ ಬೇಕು. ಮೊದಲನೆಯದು ಹಾಜರಿ ಪುಸ್ತಕದಲ್ಲಿ ಸಿಗಬಹುದು. ಎರಡನೆಯದು ಹಿಂದಿನ ವರ್ಷಗಳಿಗೆ ಸಿಗುವುದಿಲ್ಲ.

ಪ್ರತಿಕ್ರಿಯೆ – ಅಡಿಕೆ ಬೆಳೆಗಾರ, ಹೊಸನಗರ ತಾಲ್ಲೂಕು

ನಮ್ಮ ತೋಟಕ್ಕೆ ಮರ ಹತ್ತಲು ಬರುವ ಕೊನೆಗೌಡರು ನನ್ನ ತಂದೆಯವರ ಕಾಲದಿಂದ ಔಷಧಿ ಹೊಡೆಯುತ್ತಿದ್ದಾರೆ, ಈಗಲೂ ನನಗಿಂತ ಗಟ್ಟಿಯಾಗಿದ್ದಾರೆ. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಇದಕ್ಕಿಂತ ಹೆಚ್ಚು ನಾವು ಹಾಕುವುದಿಲ್ಲ. ಮಳೆಗೆ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ ಹೊಡೆಯದಿದ್ದರೆ ಕೊಳೆ ಬಂದು ಬೆಳೆಯೇ ಇಲ್ಲ. ಹೊಡೆಯುವುದನ್ನು ನಿಲ್ಲಿಸಿ ಎನ್ನುತ್ತೀರಾ?

ಉತ್ತರ – ಎಪಿಡೆಮಿಯಾಲಜಿಸ್ಟ್

ಇಲ್ಲ, ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಇಲ್ಲಿ ನಡೆಯುತ್ತಿರುವ ಚರ್ಚೆ ಹೇಗೆ ಎಣಿಸಬೇಕು ಎಂಬುದರ ಬಗ್ಗೆ. ಬೋರ್ಡೋ ದ್ರಾವಣದ ಮೇಲೆ ನಮಗೆ ಸಂಶಯ ಇರುವುದಕ್ಕೆ ಕಾರಣವಿದೆ: 1969ರಲ್ಲಿ ಪೋರ್ಚುಗಲ್‌ನ ವೈದ್ಯರು ದ್ರಾಕ್ಷಿ ತೋಟಗಳಲ್ಲಿ ಇದೇ ದ್ರಾವಣ ಹೊಡೆಯುತ್ತಿದ್ದವರ ಶ್ವಾಸಕೋಶದಲ್ಲಿ ತಾಮ್ರ ಸೇರಿದ್ದ ಗಂಟುಗಳನ್ನು ಗುರುತಿಸಿ ವರದಿ ಮಾಡಿದರು. ನಮ್ಮ ಅಡಿಕೆ ತೋಟದಲ್ಲಿ ಹಾಗೆಯೇ ಆಗುತ್ತದೆ ಎಂದು ಅದರಿಂದ ತೀರ್ಮಾನಿಸಲಾಗದು. ನಿಮ್ಮ ಕೊನೆಗೌಡರು ಗಟ್ಟಿಯಾಗಿರುವುದು ಸಂತೋಷದ ವಿಷಯ. ಆದರೆ ನಿಮ್ಮ ತಂದೆಯವರ ಕಾಲದಲ್ಲಿ ಅವರ ಜೊತೆ ಹತ್ತುತ್ತಿದ್ದ ಉಳಿದವರು ಈಗ ಎಲ್ಲಿದ್ದಾರೆ, ಯಾಕೆ ಬಿಟ್ಟರು ಎಂದು ನೆನಪಿದ್ದರೆ ದಯವಿಟ್ಟು ಈ ವಿದ್ಯಾರ್ಥಿನಿಗೆ ತಿಳಿಸಿ. ಅಧ್ಯಯನಕ್ಕೆ ಬೇಕಾಗಿರುವುದು ಅವರೇ.

ಮರುಪ್ರಶ್ನೆ – ವಿದ್ಯಾರ್ಥಿನಿ

ಧನ್ಯವಾದಗಳು ಸರ್. ಸಿಗದವರನ್ನು ಏನು ಮಾಡಲಿ? ವಿದೇಶದ ಪ್ರಬಂಧಗಳಲ್ಲಿ, ಪತ್ತೆಯಾಗದವರನ್ನು ಅಧ್ಯಯನದ ಕೊನೆಯ ದಿನದವರೆಗೆ ಬದುಕಿದ್ದಾರೆಂದೇ ಎಣಿಸಿದ್ದನ್ನು ಓದಿದ್ದೇನೆ. ನನಗೆ ಸಾವಿನ ಲೆಕ್ಕವೂ ಬೇಕು.

ಉತ್ತರ – ಎಪಿಡೆಮಿಯಾಲಜಿಸ್ಟ್

ಅಲ್ಲಿ ಹಾಗೆ ಮಾಡಲು ಆಧಾರವಿದೆ. ದೇಶದ ಎಲ್ಲ ಸಾವುಗಳೂ ಒಂದೇ ನೋಂದಣಿಯಲ್ಲಿ ಸೇರಿ, ಅದರಲ್ಲಿ ಹೆಸರು ಹುಡುಕಲು ಸಾಧ್ಯವಿದ್ದಾಗ, ಅಲ್ಲಿ ಹೆಸರಿಲ್ಲದವನು ಬದುಕಿರಬೇಕು ಎನ್ನುವುದು ಒಪ್ಪತಕ್ಕ ಊಹೆ. ನಿಮ್ಮಲ್ಲಿ ಅಂಥ ಹುಡುಕಾಟ ನಡೆದಿಲ್ಲ. 2016ರಲ್ಲಿ ಊರು ಬಿಟ್ಟವನನ್ನು 2024ರವರೆಗೆ ಬದುಕಿಸಿಟ್ಟರೆ, ಸತ್ತಿದ್ದರೂ ಲೆಕ್ಕಕ್ಕೆ ಸಿಗದ ಎಂಟು ವರ್ಷಗಳು ಛೇದಕ್ಕೆ ಸೇರಿ ಸಾವಿನ ದರ ಕೃತಕವಾಗಿ ಇಳಿಯುತ್ತದೆ. ಕೊನೆಯದಾಗಿ ಬದುಕಿದ್ದನೆಂದು ತಿಳಿದ ದಿನಕ್ಕೇ ಅವನ ಲೆಕ್ಕ ನಿಲ್ಲಿಸಿ.

ಇದರಲ್ಲೂ ಒಂದು ಎಡವಟ್ಟು ಇದೆ. ಊರು ಬಿಟ್ಟವರಲ್ಲಿ ಕೆಲವರು ಸತ್ತ ಸುದ್ದಿ ನೆಂಟರ ಮೂಲಕ ಬರಬಹುದು, ಬದುಕಿರುವವರ ಸುದ್ದಿ ಅಷ್ಟು ಸುಲಭವಾಗಿ ಬರುವುದಿಲ್ಲ. ಸತ್ತವರನ್ನು ಮಾತ್ರ ಸತ್ತ ದಿನದವರೆಗೂ ಎಣಿಸಿ, ಉಳಿದವರನ್ನು ಊರು ಬಿಟ್ಟ ದಿನಕ್ಕೆ ನಿಲ್ಲಿಸಿದರೆ ಸಾವಿನ ದರ ಸುಳ್ಳಾಗಿ ಏರುತ್ತದೆ. ಎರಡೂ ಬಗೆಯವರಿಗೆ ಒಂದೇ ನಿಯಮ ಇರಬೇಕು.

ಉಸಿರಾಟದ ಲೆಕ್ಕಕ್ಕೆ ಮೊದಲಿನ ಊಹೆಯ ಸಂಖ್ಯೆಗಳನ್ನೇ ಇಟ್ಟುಕೊಳ್ಳಿ. ಕೆಲಸ ಬಿಟ್ಟ 15 ಜನರಲ್ಲಿ 5 ಜನ ಸಿಗಲಿಲ್ಲ, ಸಿಕ್ಕ 10ರಲ್ಲಿ 2 ಜನರಿಗೆ ಏದುಸಿರು ಇತ್ತು. ಆಗ ನಿಮ್ಮ ಕೈಯಲ್ಲಿರುವುದು 95ರಲ್ಲಿ 11, ಸುಮಾರು ಶೇಕಡಾ 11.6, ನಿಜವಾದ 15ನ್ನು ನೀವು ಕಾಣುವುದೇ ಇಲ್ಲ. ಸಿಗದ ಐವರೂ ಆರೋಗ್ಯವಾಗಿದ್ದಾರೆ ಎಂದರೆ 100ಕ್ಕೆ 11, ಐವರಿಗೂ ಕಾಯಿಲೆ ಇದೆ ಎಂದರೆ 16. ಎರಡು ತುದಿಯೂ ಎಂಟಕ್ಕಿಂತ ಮೇಲೆಯೇ ಇರುವುದರಿಂದ, ಸಿಗದವರು ಹೇಗೇ ಇದ್ದರೂ ಹೆಚ್ಚಿದೆ ಎಂಬ ಮಾತು ಬದಲಾಗುವುದಿಲ್ಲ, ಎಷ್ಟು ಹೆಚ್ಚು ಎಂಬುದು ಮಾತ್ರ ತೂಗಾಡುತ್ತದೆ. ನಿಮ್ಮ ನಿಜವಾದ ಸಂಖ್ಯೆಗಳಿಗೂ ಈ ಎರಡು ತುದಿ ಹಾಕಿ ನೋಡಿ. ತುದಿಗಳ ನಡುವೆ ಹೋಲಿಕೆಯ ಸಂಖ್ಯೆ ಸಿಕ್ಕಿಹಾಕಿಕೊಂಡರೆ, ಇನ್ನಷ್ಟು ಹುಡುಕದೆ ತೀರ್ಮಾನ ಬರೆಯಲಾಗದು.

ಹೋಲಿಕೆಯ ಗುಂಪಿನ ಬಗ್ಗೆ ಒಂದು ಸಲಹೆ: ಮರ ಹತ್ತಿ ಕೊನೆ ಮಾತ್ರ ಕೊಯ್ದು, ಎಂದೂ ಔಷಧಿ ಹೊಡೆಯದವರು ಸಿಕ್ಕರೆ ಅವರನ್ನೇ ತೆಗೆದುಕೊಳ್ಳಿ. ಸೇರುವಾಗ ಅವರಿಗೂ ಅದೇ ಮೈಕಟ್ಟು ಬೇಕಾಗಿತ್ತು.

ಪ್ರತಿಕ್ರಿಯೆ – ಆಶಾ ಕಾರ್ಯಕರ್ತೆ, ಸಾಗರ ತಾಲ್ಲೂಕು

ಮೇಡಂ, ನಮ್ಮ ಕಡೆ ಕೊನೆ ಮಾತ್ರ ಕೊಯ್ಯುವವರಲ್ಲಿ ಕೆಲವರು ಮೊದಲು ಔಷಧಿಯನ್ನೂ ಹೊಡೆಯುತ್ತಿದ್ದರು. ಕೆಮ್ಮು ಬಂತೆಂದು ಬಿಟ್ಟವರಿದ್ದಾರೆ, ಕೇಳಿದರೆ ಮೊದಲಿಗೆ 'ಕೂಲಿ ಗಿಟ್ಟಲಿಲ್ಲ' ಎನ್ನುತ್ತಾರೆ. ಈಗ ಫೈಬರ್ ದೋಟಿ ಬಂದ ಮೇಲೆ ನೆಲದಲ್ಲೇ ನಿಂತು ಹೊಡೆಯುವವರೂ ಇದ್ದಾರೆ. ಮರ ಹತ್ತಲಾರದವರೂ ಈ ಕೆಲಸಕ್ಕೆ ಬಂದಿದ್ದಾರೆ. ಸಿಗದವರ ಮನೆಯ ಹೆಂಗಸರು ನಮ್ಮ ಸಭೆಗಳಿಗೆ ಬರುತ್ತಾರೆ, ಅವರನ್ನು ಕೇಳಿದರೆ ಕೆಲವರ ವಿಳಾಸ ಸಿಗಬಹುದು.

ಉತ್ತರ – ಎಪಿಡೆಮಿಯಾಲಜಿಸ್ಟ್

ನನ್ನ ಸಲಹೆಯನ್ನು ನೀವು ತಿದ್ದಿದ್ದೀರಿ ಅಕ್ಕ. ಕೊನೆ ಕೊಯ್ಯುವವರಲ್ಲಿ 'ಎಂದಾದರೂ ಔಷಧಿ ಹೊಡೆದಿದ್ದೀರಾ' ಎಂದು ಕೇಳದೆ ಯಾರನ್ನೂ ಹೋಲಿಕೆಗೆ ಸೇರಿಸಬಾರದು. ದೋಟಿಯಲ್ಲಿ ಹೊಡೆಯುವವರನ್ನು ಬೇರೆ ಗುಂಪಾಗಿಯೇ ಇಡಬೇಕು: ಅವರು ಕೆಲಸಕ್ಕೆ ಬರುವ ಆಯ್ಕೆಯೇ ಬೇರೆ, ಮುಖಕ್ಕೆ ಬೀಳುವ ಔಷಧಿಯ ಪ್ರಮಾಣವೂ ಬೇರೆ ಇರಬಹುದು. ಕೆಲಸ ಬಿಟ್ಟ ಕಾರಣವನ್ನು ಈಗ ಕೇಳಿದರೆ ಎಷ್ಟು ನಂಬಬಹುದು ಎಂಬುದಕ್ಕೆ ನನ್ನಲ್ಲಿ ಖಚಿತ ಉತ್ತರವಿಲ್ಲ. ಬಿಟ್ಟವನನ್ನೂ ಮನೆಯವರನ್ನೂ ಬೇರೆ ಬೇರೆಯಾಗಿ ಕೇಳಿ, ಇಬ್ಬರ ಮಾತು ಎಷ್ಟರ ಮಟ್ಟಿಗೆ ಹೊಂದುತ್ತದೆ ಎಂಬುದನ್ನು ಪ್ರಬಂಧದಲ್ಲಿ ಹಾಗೆಯೇ ಕೊಡುವುದು ಒಳ್ಳೆಯದು.

ವಿದ್ಯಾರ್ಥಿನಿ

ಹಾಜರಿ ಪುಸ್ತಕದಲ್ಲಿ ಹೆಸರು ಮೊದಲು ಬಂದ ವರ್ಷದ ಪ್ರಕಾರ ಪಟ್ಟಿಯನ್ನು ಮತ್ತೆ ಮಾಡುತ್ತೇನೆ ಸರ್. ಅಕ್ಕ, ನಿಮ್ಮ ಮುಂದಿನ ಸಭೆ ಯಾವತ್ತು ಎಂದು ತಿಳಿಸಿದರೆ ಸಿಗದವರ ಹೆಸರುಗಳನ್ನು ಹಿಡಿದುಕೊಂಡು ಬರುತ್ತೇನೆ.